ಅಜ್ಜನ ಟ್ರಂಕಿನಲ್ಲಿದ್ದ ಕತ್ತಿ

ಶಿರಾ ಸೀಮೆಯ ಒಂದು ಹಳ್ಳಿಯಿಂದ ಗೆಳೆಯರೊಬ್ಬರ ಫೋನು ಬಂದದ್ದು ಆಯುಧಪೂಜೆಗೆ ಹತ್ತು ದಿನ ಮುಂಚೆ. ಹಳೇ ಮನೆಯ ಹೆಂಚು ಇಳಿಸಿ ತಾರಸಿ ಹಾಕಿಸಬೇಕೆಂದು ಅಟ್ಟ ಖಾಲಿ ಮಾಡುತ್ತಿದ್ದರಂತೆ. ಏಳನೇ ಕ್ಲಾಸಿನ ಮಗ ಅಜ್ಜನ ಕಬ್ಬಿಣದ ಟ್ರಂಕು ತೆಗೆದು ನೋಡಿದ್ದಾನೆ. ಮೇಲೆ ಒಂದು ಕರಿ ಕೋಟು, ಅದರಡಿ ಕಂದಾಯದ ರಸೀದಿಗಳ ಕಟ್ಟು, ಎಲ್ಲಕ್ಕಿಂತ ಕೆಳಗೆ ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿಸಿದ್ದ ಗೋಣಿತಾಟಿನ ಸುತ್ತಿಗೆ. ಬಿಚ್ಚಿದರೆ ತುಕ್ಕು ಹಿಡಿದ ಕತ್ತಿ.

"ಮದಕರಿನಾಯಕರ ಕಾಲದ್ದು ಅಂತ ನಮ್ಮ ಮನೇಲಿ ಹೇಳ್ತಾರೆ ಸಾರ್. ಹುಡುಗ ಎಮರಿ ಪೇಪರ್ ತಂದಿಟ್ಕೊಂಡು ಕೂತಿದ್ದಾನೆ, ಹಬ್ಬದ ಹೊತ್ತಿಗೆ ಫಳಫಳ ಹೊಳೆಸ್ತೀನಿ ಅಂತಾನೆ."

ಉಜ್ಜಬೇಡಿ, ನಾನು ಬರುವವರೆಗೆ ಹುಣಸೆಹಣ್ಣೂ ಬೇಡ, ನಿಂಬೆಹಣ್ಣೂ ಬೇಡ ಎಂದು ಹೇಳಿ ಮಾರನೇ ದಿನವೇ ಬಸ್ಸು ಹತ್ತಿದೆ. ಹಳೇ ಕಬ್ಬಿಣದ ಸಾಮಾನುಗಳನ್ನು ಹುಷಾರಾಗಿ ಶುಚಿ ಮಾಡುವ ಕೆಲಸದಲ್ಲಿ ಹಲವು ವರ್ಷ ಕಳೆದಿದ್ದೇನೆ. ತುಕ್ಕಿನಿಂದ ಕೆಟ್ಟ ಕತ್ತಿಗಳಿಗಿಂತ ಹಬ್ಬದ ಹಿಂದಿನ ದಿನದ ಉತ್ಸಾಹದಲ್ಲಿ ಕೆಟ್ಟ ಕತ್ತಿಗಳನ್ನೇ ನಾನು ಹೆಚ್ಚು ನೋಡಿದ್ದೇನೆ.

ಜಗುಲಿಯ ಮೇಲೆ ಹಳೇ ಪಂಚೆ ಹಾಸಿ ಕತ್ತಿಯನ್ನು ಅದರ ಮೇಲಿಟ್ಟೆವು. ಹುಡುಗ ಪಕ್ಕದಲ್ಲೇ ಕೂತ. ಅಲಗು ಸುಮಾರು ಎರಡೂವರೆ ಅಡಿ, ಸ್ವಲ್ಪವೇ ಬಾಗಿದ್ದು. ಹಿಡಿಯೂ ಕಬ್ಬಿಣದ್ದೇ, ತುದಿಯಲ್ಲಿ ತಟ್ಟೆಯಂಥ ದುಂಡು ಬಿಲ್ಲೆ. ಉತ್ತರದಲ್ಲಿ ತಲ್ವಾರ್ ಎಂದು ಕರೆಯುವ ಬಗೆ ಇದು. ದಖ್ಖನಿನಲ್ಲೂ ಮೈಸೂರಿನಲ್ಲೂ ಸಾಮಾನ್ಯ ಸಿಪಾಯಿಯ ಕೈಯಲ್ಲಿ ಇರುತ್ತಿದ್ದದ್ದು ಹೆಚ್ಚಾಗಿ ಇಂಥದ್ದೇ.

ಮೊದಲು ತುಕ್ಕನ್ನೇ ನೋಡಲು ಹುಡುಗನಿಗೆ ಹೇಳಿದೆ. ತುಕ್ಕೆಲ್ಲ ಒಂದೇ ಅಲ್ಲ. ಮೊನೆಯ ಕಡೆ ಒಂದು ಗೇಣು ಉದ್ದಕ್ಕೆ ಕಿತ್ತಳೆ ಬಣ್ಣದ ಪುಡಿ, ಬೆರಳಿಗೆ ಅಂಟುತ್ತಿತ್ತು. ಇದು ಇನ್ನೂ ತಿನ್ನುತ್ತಿರುವ ತುಕ್ಕು. ಹೆಂಚಿನ ಸಂದಿನಿಂದ ಮಳೆನೀರು ಟ್ರಂಕಿನ ಆ ಮೂಲೆಗೆ ಇಳಿದಿರಬೇಕು, ಗೋಣಿತಾಟು ಅದನ್ನು ಹೀರಿ ಹಿಡಿದುಕೊಂಡಿದೆ. ಉಳಿದ ಅಲಗಿನ ಮೇಲೆ ಇದ್ದದ್ದು ಬೇರೆ ಬಗೆ: ಕಪ್ಪಗೆ, ಗಟ್ಟಿಯಾಗಿ, ಉಗುರಿನಿಂದ ಕೆರೆದರೂ ಏಳದ ಪೊರೆ. ನಿಧಾನವಾಗಿ ಕೂತ ಈ ಕಪ್ಪು ಪೊರೆ ಅಡಿಯ ಲೋಹಕ್ಕೆ ಒಂದು ಮಟ್ಟಿನ ಕಾವಲು. ಎಮರಿ ಪೇಪರ್ ಹಾಕಿದ್ದರೆ ಎರಡೂ ಒಟ್ಟಿಗೆ ಹೋಗುತ್ತಿದ್ದವು, ಜೊತೆಗೆ ಅಲಗಿನ ಮೇಲಿನ ಗುರುತುಗಳೂ ಹೋಗುತ್ತಿದ್ದವು. ಗುರುತು ಕೊರೆದಿರುವುದು ಕಾಗದದಷ್ಟು ತೆಳುವಾದ ಆಳದಲ್ಲಿ. ಹತ್ತು ನಿಮಿಷ ಉಜ್ಜಿದರೆ ಸಾಕು, ಅದು ಇತ್ತೆಂಬುದೂ ಗೊತ್ತಾಗುವುದಿಲ್ಲ.

ಹುಡುಗ ಹಿಡಿಯನ್ನು ಹಿಡಿದು ನೋಡಿದ. ಅವನ ಕೈ ಸರಿಯಾಗಿ ಕೂತಿತು. ಅವನ ಅಪ್ಪ ಹಿಡಿಯಲು ಹೋದರೆ ನಾಲ್ಕು ಬೆರಳು ಒಳಗೆ ತೂರಲೇ ಇಲ್ಲ.

"ಹಂಗಾದ್ರೆ ಇದು ಮಕ್ಕಳ ಕತ್ತಿನಾ?" ಎಂದ.

ಒಳ್ಳೆಯ ಪ್ರಶ್ನೆ. ಹಳೇ ಕತ್ತಿ ಹಿಡಿದವರೆಲ್ಲ ಇದನ್ನೇ ಕೇಳುತ್ತಾರೆ. ಹಿಂದಿನವರ ಕೈ ಅಷ್ಟು ಚಿಕ್ಕದಿತ್ತೆಂದಲ್ಲ, ಹಿಡಿಯುವ ರೀತಿಯೇ ಬೇರೆ. ತೋರುಬೆರಳನ್ನು ಹಿಡಿಯೊಳಗೆ ಇಟ್ಟುಕೊಳ್ಳದೆ, ಅಡ್ಡಪಟ್ಟಿಯ ಮೇಲಿಂದ ದಾಟಿಸಿ ಅಲಗಿನ ಬುಡಕ್ಕೆ ಸುತ್ತುತ್ತಿದ್ದರು. ಅದಕ್ಕೆಂದೇ ಅನೇಕ ಕತ್ತಿಗಳಲ್ಲಿ ಬುಡದ ಎರಡು ಅಂಗುಲ ಹರಿತ ಮಾಡಿರುವುದಿಲ್ಲ. ಉಳಿದ ಮೂರು ಬೆರಳಿಗೆ ಹಿಡಿ ಬಿಗಿಯಾಗಿ ಕೂರುತ್ತದೆ, ತುದಿಯ ಬಿಲ್ಲೆ ಮಣಿಕಟ್ಟಿಗೆ ಒತ್ತುತ್ತದೆ. ಹೀಗೆ ಹಿಡಿದರೆ ಮಣಿಕಟ್ಟನ್ನು ಬಗ್ಗಿಸಿ ಚುಚ್ಚುವುದು ಕಷ್ಟ. ತೋಳನ್ನು ಭುಜದಿಂದ ಬೀಸಿ, ತಾಗಿದ ಕೂಡಲೇ ಎಳೆದುಕೊಳ್ಳಬೇಕು. ಕುಡುಗೋಲಿನಲ್ಲಿ ಪೈರು ಕೊಯ್ಯುವವರಿಗೆ ಇದು ಹೇಳಿಕೊಡಬೇಕಾದ ಮಾತಲ್ಲ. ಬಾಗಿದ ಬಾಯಿ ಎಳೆದಾಗಲೇ ಕೊಯ್ಯುತ್ತದೆ, ಗುದ್ದಿದಾಗ ಅಲ್ಲ. ತೋರುಬೆರಳನ್ನು ಆಚೆ ದಾಟಿಸಿದ ಮೇಲೆ ಅಪ್ಪನ ಕೈಯೂ ಹಿಡಿಯೊಳಗೆ ಕೂತಿತು.

ಹಾಗೆ ಹಿಡಿದಾಗ ಇನ್ನೊಂದು ಗೊತ್ತಾಯಿತು. ಹಿಡಿ ಲಟಲಟ ಅಲ್ಲಾಡುತ್ತಿತ್ತು.

ಈ ಬಗೆಯ ಕತ್ತಿಯಲ್ಲಿ ಅಲಗಿನ ಹಿಂಭಾಗ ಒಂದು ಮೋಟು ಕಡ್ಡಿಯಾಗಿ ಹಿಡಿಯೊಳಗೆ ಹೋಗುತ್ತದೆ. ಹಿಡಿ ಪೊಳ್ಳು. ಆ ಪೊಳ್ಳಿನೊಳಗೆ ಕಾಯಿಸಿದ ಅರಗು, ಅದಕ್ಕೆ ಬಿಗಿ ಬರಲೆಂದು ಇಟ್ಟಿಗೆ ಪುಡಿಯೋ ಅಂಥದ್ದೋ ಬೆರೆಸಿ ತುಂಬಿ, ಬಿಸಿ ಇರುವಾಗಲೇ ಅಲಗನ್ನು ಒತ್ತುತ್ತಾರೆ. ಆರಿದರೆ ಕಲ್ಲು. ಕುಡುಗೋಲಿಗೂ ಚಾಕುವಿಗೂ ಹಿಡಿ ಕೂರಿಸಲು ಇದೇ ಅರಗು ಬಳಸುವುದನ್ನು ಹಳ್ಳಿಯವರು ಬಲ್ಲರು. ಈ ಕತ್ತಿಯ ಅರಗು ವಯಸ್ಸಾಗಿ ಬಿರುಕುಬಿಟ್ಟಿತ್ತು. ಒಂದು ಬೋಸಿಯಲ್ಲಿ ಬಿಸಿನೀರು ತರಿಸಿ, ಹಿಡಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಅದರೊಳಗೆ ಸ್ವಲ್ಪ ಹೊತ್ತು ಇಟ್ಟ ಮೇಲೆ ಅಲಗು ತಾನಾಗಿ ಕಳಚಿ ಬಂತು. ಹೀಗೆ ಬಿಚ್ಚುವುದನ್ನು ಮನೆಯಲ್ಲಿ ಯಾರೂ ಮಾಡಬಾರದು. ಬೆಂಕಿಗೆ ಹಿಡಿದವರು ಅಲಗಿನ ಹದವನ್ನೇ ಕಳೆದಿದ್ದಾರೆ.

ಒಳಗಿನ ಅರಗಿನಲ್ಲಿ ಎರಡು ಬಣ್ಣ ಇತ್ತು. ಬುಡದಲ್ಲಿ ಕಪ್ಪಗೆ, ಗಾಜಿನಂತೆ ಪುಡಿಯಾಗುವ ಹಳೆಯದು. ಅದರ ಮೇಲೆ ಕೆಂಪು ಮಿಶ್ರಿತ, ಇನ್ನೂ ಸ್ವಲ್ಪ ಜಿಗುಟು ಇದ್ದ ಹೊಸದು. ಅಂದರೆ ಹಿಂದೆ ಒಮ್ಮೆ ಈ ಹಿಡಿಯನ್ನು ಬಿಚ್ಚಿ ಮತ್ತೆ ಕೂರಿಸಿದ್ದಾರೆ. ಅಲಗಿನ ಕಡ್ಡಿಗಿಂತ ಹಿಡಿಯ ಪೊಳ್ಳು ಅಗಲ, ಸಂದಿಯಲ್ಲಿ ಒಂದು ಚೂರು ತಗಡು ತುರುಕಿತ್ತು. ಈ ಅಲಗು ಈ ಹಿಡಿಗಾಗಿ ಹುಟ್ಟಿದ್ದಲ್ಲ. ಕತ್ತಿ ಎಷ್ಟು ಹಳೆಯದು ಎಂದು ಹುಡುಗ ಬೆಳಗ್ಗೆಯಿಂದ ಕೇಳುತ್ತಿದ್ದ. ಅಲಗಿನದ್ದು ಒಂದು ವಯಸ್ಸು, ಹಿಡಿಯದ್ದು ಇನ್ನೊಂದು ಎಂದು ಹೇಳಿದಾಗ ಅವನ ಮುಖ ನೋಡಬೇಕಿತ್ತು. ಹಿಂದೆ ಇದು ಸಾಮಾನ್ಯ. ಅಲಗು ಮುರಿದರೆ ಹಿಡಿ ಉಳಿಸಿಕೊಳ್ಳುತ್ತಿದ್ದರು, ಒಳ್ಳೆಯ ಅಲಗು ಸಿಕ್ಕಿದರೆ ಹಳೇ ಹಿಡಿಗೆ ಹಾಕಿಸುತ್ತಿದ್ದರು.

ಇನ್ನು ಅಲಗಿನ ಲೋಹ. ಮೈಸೂರು ಸೀಮೆಯ ಹಳೇ ಕತ್ತಿ ಎಂದ ಕೂಡಲೇ ಉಕ್ಕಿನ ಮಾತು ಬರುತ್ತದೆ. ಜಗತ್ತಿನ ಲೋಹಶಾಸ್ತ್ರದಲ್ಲಿ 'ವೂಟ್ಸ್' ಎಂಬ ಹೆಸರು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಬಂದಿದೆ ಎಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪುತ್ತಾರೆ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಜಾರ್ಜ್ ಪಿಯರ್‌ಸನ್ ಈ ಉಕ್ಕಿನ ಬಗ್ಗೆ ಪ್ರಬಂಧ ಮಂಡಿಸಿದ. ಅದಾದ ಕಾಲು ಶತಮಾನದೊಳಗೆ ಮೈಕೆಲ್ ಫ್ಯಾರಡೆ ಅದರ ಗುಟ್ಟು ಹುಡುಕುತ್ತಿದ್ದ. ಟಿಪ್ಪು ಸತ್ತ ಮರುವರ್ಷ ನಮ್ಮ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ ಇದನ್ನು ಮಾಡುವುದನ್ನು ಕಂಡು ಬರೆದಿಟ್ಟಿದ್ದಾನೆ. ಮಣ್ಣಿನ ಚಿಕ್ಕ ಮೂಸೆಯಲ್ಲಿ ಮೆತು ಕಬ್ಬಿಣದ ತುಂಡು, ಅದರ ಜೊತೆ ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿರೆಲೆ. ಬಾಯಿಯನ್ನು ಮಣ್ಣಿನಿಂದ ಮುಚ್ಚಿ, ಇಂಥ ಹಲವು ಮೂಸೆಗಳನ್ನು ಒಟ್ಟಿಗೆ ಒಲೆಯಲ್ಲಿಟ್ಟು ತಿದಿ ಒತ್ತುತ್ತಾರೆ. ಸುಟ್ಟ ಕಡ್ಡಿ ಎಲೆಗಳ ಇಂಗಾಲ ಕಬ್ಬಿಣಕ್ಕೆ ಸೇರಿ, ಅದು ಕರಗಿ, ನಿಧಾನವಾಗಿ ಆರಿ ಗಟ್ಟಿ ಉಂಡೆಯಾಗುತ್ತದೆ.

ಆ ಉಂಡೆಯಲ್ಲಿ ಇಂಗಾಲ ನೂರಕ್ಕೆ ಒಂದರಿಂದ ಎರಡು ಭಾಗದವರೆಗೆ ಇರುತ್ತದೆ. ಇವತ್ತಿನ ಕಟ್ಟಡದ ಕಂಬಿಯಲ್ಲಿರುವುದಕ್ಕಿಂತ ಹಲವು ಪಟ್ಟು. ಹೆಚ್ಚಾದ ಇಂಗಾಲ ಕಬ್ಬಿಣದೊಂದಿಗೆ ಕೂಡಿ ಗಟ್ಟಿ ಕಣಗಳಾಗಿ, ಬಡಿಯುತ್ತಾ ಹೋದಂತೆ ಸಾಲುಗಟ್ಟುತ್ತದೆ. ಅಲಗನ್ನು ಸಾಣೆ ಹಿಡಿದು ಅನ್ನಭೇದಿಯ ನೀರು ಹಚ್ಚಿದರೆ ಸುತ್ತಲಿನ ಲೋಹ ಕಪ್ಪಾಗಿ, ಆ ಕಣಗಳ ಸಾಲು ಬೆಳ್ಳಗೆ ಉಳಿಯುತ್ತದೆ. ಗಾಳಿಗೆ ಅಲುಗುವ ಕೆರೆನೀರಿನ ಮೇಲಿನ ಗೆರೆಗಳಂತೆ ಕಾಣುವ ಆ ವಿನ್ಯಾಸಕ್ಕಾಗಿ ಪರ್ಷಿಯಾದವರೆಗೂ ಜನ ಹಣ ಸುರಿದರು. ತೀರಾ ಕೆಂಪಗೆ ಕಾಯಿಸಿ ಬಡಿದರೆ ಉಂಡೆ ಪುಡಿಯಾಗುತ್ತದೆ. ಬಿಳಿ ಕಾವಿನಲ್ಲಿ ಬಡಿದೇ ರೂಢಿಯಿದ್ದ ಯುರೋಪಿನ ಕಮ್ಮಾರರು ಎಡವಿದ್ದು ಇಲ್ಲಿ.

ನಮ್ಮ ಹುಡುಗನ ಆಸೆಯೆಲ್ಲ ಈ ನೀರಗೆರೆಯ ಮೇಲೆ ನಿಂತಿತ್ತು. ಅಲಗಿನ ಬೆನ್ನಿನ ಹತ್ತಿರ, ಬುಡದಲ್ಲಿ, ಹೆಬ್ಬೆರಳ ಉಗುರಿನಷ್ಟು ಜಾಗವನ್ನು ಮಾತ್ರ ಆರಿಸಿಕೊಂಡೆ. ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟು, ಬಿದಿರ ಸೀಳಿನಿಂದ ಮೆಲ್ಲಗೆ ಪೊರೆ ಬಿಡಿಸಿ, ಆಮೇಲೆ ತೀರಾ ನಯವಾದ ಪುಡಿಯಿಂದ ತಿಕ್ಕಿ, ಒಂದು ಹನಿ ದ್ರಾವಣ ಹಚ್ಚಿ ಒರೆಸಿದೆ. ಭೂತಗನ್ನಡಿಯನ್ನು ಅವನ ಕೈಗೇ ಕೊಟ್ಟೆ.

ನೀರಗೆರೆ ಇರಲಿಲ್ಲ. ಇದ್ದದ್ದು ಬೆನ್ನಿಗೆ ಸಮಾನಾಂತರವಾಗಿ ಹೋಗುವ ನಾಲ್ಕೈದು ನೇರ ಗೆರೆಗಳು, ಕಪ್ಪು ಒಂದು, ತಿಳಿ ಒಂದು. ಬಾಯಿಯ ಕಡೆಯ ಪಟ್ಟಿ ಮಾತ್ರ ಬೇರೆ ಬಣ್ಣ. ಅಂದರೆ ಇದು ಮೂಸೆಯ ಉಕ್ಕಲ್ಲ. ಮೆತು ಕಬ್ಬಿಣದ ಪಟ್ಟಿಗಳನ್ನು ಕುಲುಮೆಯಲ್ಲಿ ಬೆಸೆದು ಬಡಿದು, ಹರಿತ ಬೇಕಾದ ಬಾಯಿಗೆ ಮಾತ್ರ ಉಕ್ಕು ಕೊಟ್ಟ ಅಲಗು. ನಮ್ಮ ರೈತರು ಗುದ್ದಲಿಗೂ ಹಾರೆಗೂ 'ಉಕ್ಕು ಹಾಕಿಸಿಕೊಂಡು' ಬರುತ್ತಿದ್ದರಲ್ಲ, ಅದೇ ಕೆಲಸ. ಉಕ್ಕು ದುಬಾರಿ. ಮೈಯೆಲ್ಲ ಉಕ್ಕಿನದಾದ ಕತ್ತಿ ದೊರೆಗೆ, ಪಾಳೆಯಗಾರನಿಗೆ, ಸರದಾರನಿಗೆ. ಇದು ಊರ ಕಮ್ಮಾರನ ಕೈಯಲ್ಲೂ ಆಗಬಹುದಾದ ಕತ್ತಿ.

ಹುಡುಗನ ಮುಖ ಸಣ್ಣದಾಯಿತು. ಆದರೆ ಆಮೇಲಿನದ್ದನ್ನು ಕಂಡುಹಿಡಿದವನು ಅವನೇ. ಭೂತಗನ್ನಡಿ ಕೈಗೆ ಸಿಕ್ಕಿದ ಮೇಲೆ ಬಿಡದೆ ಹಿಡಿಯ ಬಿಲ್ಲೆಯ ಕೆಳಮೈ ನೋಡುತ್ತಾ ಕೂತಿದ್ದವನು, "ಇಲ್ಲೇನೋ ಬರ್ದದೆ" ಎಂದ. ಎಣ್ಣೆಯಲ್ಲಿ ಅರ್ಧ ಗಂಟೆ ನೆನೆಸಿ ಒರೆಸಿದಾಗ ಉಳಿಯಿಂದ ಕೊರೆದ ಎರಡು ಕನ್ನಡ ಅಂಕಿ ಕಂಡವು: ೪೧.

ಸ್ವಂತ ಕತ್ತಿಗೆ ಯಾರೂ ನಲವತ್ತೊಂದು ಎಂದು ಕೊರೆಸುವುದಿಲ್ಲ. ಹೆಸರು ಕೊರೆಸುತ್ತಾರೆ, ದೇವರ ಗುರುತು ಹಾಕಿಸುತ್ತಾರೆ. ಅಂಕಿ ಬೀಳುವುದು ಲೆಕ್ಕಕ್ಕೆ ಇಟ್ಟ ಕತ್ತಿಗೆ, ಹಂಚಿಕೊಟ್ಟು ಮತ್ತೆ ಎಣಿಸಿಕೊಳ್ಳುವ ಸಾಮಾನಿಗೆ. ಹಾಗಾದರೆ ಹಂಚಿದವರು ಯಾರು?

ಉತ್ತರ ಅಡುಗೆಮನೆಯ ಬಾಗಿಲಿಂದ ಬಂತು. ಎಂಬತ್ತು ದಾಟಿದ ಅಜ್ಜಿ ಅಷ್ಟು ಹೊತ್ತೂ ಅವರೆಕಾಯಿ ಬಿಡಿಸುತ್ತಾ ನಮ್ಮ ಮಾತು ಕೇಳುತ್ತಿದ್ದರು. "ನಮ್ಮತ್ತೆ ಮದುವೆಯಾಗಿ ಬಂದಾಗ ಈ ಮನೆಗೆ ಕಂದಾಚಾರದವರ ಮನೆ ಅಂತಲೇ ಹೆಸರಿತ್ತಂತೆ ಮಗಾ" ಎಂದರು.

ಈಗ ಕಂದಾಚಾರ ಎಂದರೆ ನಮಗೆ ಕುರುಡು ಸಂಪ್ರದಾಯ ಎಂದಷ್ಟೇ ಅರ್ಥ. ಮೈಸೂರು ಸಂಸ್ಥಾನದಲ್ಲಿ ಅದು ಒಂದು ಇಲಾಖೆಯ ಹೆಸರು. ಚಿಕ್ಕದೇವರಾಜ ಒಡೆಯರು (1673–1704) ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದಾಗ ಕಂದಾಚಾರದ ಚಾವಡಿಯೂ ಅದರಲ್ಲಿ ಒಂದು. ಸೀಮೆಸೀಮೆಯ ಕಾಲಾಳುಗಳ ಲೆಕ್ಕ ನೋಡುವ ಕಚೇರಿ ಅದು. ಈ ಆಳುಗಳು ಪಾಳೆಯದಲ್ಲಿ ಬೀಡುಬಿಟ್ಟ ಸೈನಿಕರಲ್ಲ. ತಮ್ಮ ಊರಲ್ಲೇ ಇದ್ದು ಹೊಲ ಉಳುತ್ತಿದ್ದರು, ಕರೆ ಬಂದಾಗ ಕತ್ತಿಯೋ ಈಟಿಯೋ ತೆಗೆದುಕೊಂಡು ಹೊರಡುತ್ತಿದ್ದರು. ಟಿಪ್ಪುವಿನ ನಂತರ ದಿವಾನರಾದ ಪೂರ್ಣಯ್ಯನವರು ಈ ಪದ್ಧತಿಯನ್ನು ಉಳಿಸಿಕೊಂಡರು. ಯುದ್ಧ ಮುಗಿದು ಕೆಲಸವಿಲ್ಲದೆ ಕೂತ ಸಾವಿರಾರು ಆಳುಗಳಿಗೆ ಅನ್ನದ ದಾರಿ ಬೇಕಿತ್ತು, ಊರಿನ ಕಾವಲಿಗೂ ಜನ ಬೇಕಿತ್ತು. ಊರಲ್ಲಿ ಇದ್ದಾಗ ಚಿಕ್ಕ ಸಂಬಳ, ಹೊರಗೆ ಕಳಿಸಿದಾಗ ಮೇಲೆ ಭತ್ಯೆ. ಕೋಟೆ ಬಾಗಿಲು ಕಾಯುವುದು, ಕಳ್ಳರನ್ನು ಹಿಡಿಯುವುದು, ಕಂದಾಯದ ಹಣದ ಜೊತೆ ಹೋಗುವುದು ಅವರ ಕೆಲಸ. 1831ರಲ್ಲಿ ಆಡಳಿತ ಬ್ರಿಟಿಷ್ ಕಮಿಷನರ ಕೈಗೆ ಹೋದ ಮೇಲೂ ಕಂದಾಚಾರದ ಪೇದೆಗಳು ಮುಂದುವರಿದರು. ಆ ಶತಮಾನದ ಉತ್ತರಾರ್ಧದಲ್ಲಿ ಹೊಸ ಪೊಲೀಸ್ ವ್ಯವಸ್ಥೆ ಬಂದು ಆ ಹೆಸರು ಕಳಚಿಹೋಯಿತು.

ಮದಕರಿನಾಯಕರ ಚಿತ್ರದುರ್ಗ ಹೈದರನಿಗೆ ಬಿದ್ದದ್ದು 1779ರಲ್ಲಿ. ಈ ಮನೆಯ ಹಿರಿಯರು ಆ ದಂಡಿನಲ್ಲಿ ಇದ್ದಿರಲೂಬಹುದು. ಕತ್ತಿ ಅದನ್ನು ಹೇಳುವುದಿಲ್ಲ. ಕಬ್ಬಿಣದ ಮೈಮೇಲೆ ಇಸವಿ ಇರುವುದಿಲ್ಲ. ಅದು ಹೇಳುವುದು ಇಷ್ಟು: ದುಬಾರಿಯಲ್ಲದ ಅಲಗು, ಲೆಕ್ಕದ ಅಂಕಿ ಇರುವ ಹಿಡಿ, ಕಂದಾಚಾರದವರ ಮನೆ ಎಂಬ ಹೆಸರು. ಮೂರೂ ಒಂದೇ ಕಡೆಗೆ ಕೈ ತೋರಿಸುತ್ತವೆ. ಊರು ಕಾದ ಒಬ್ಬ ಪೇದೆಯ ಕತ್ತಿ ಇದು.

ಇನ್ನೂ ಒಂದು ಉಳಿದಿತ್ತು. ಅಲಗಿನ ನಡುವಿನಿಂದ ಮೊನೆಯ ಕಡೆಗೆ ಕಪ್ಪು ಪೊರೆಯ ಮೇಲೂ ಇನ್ನಷ್ಟು ಕಪ್ಪಾದ, ಶಾಯಿ ಚೆಲ್ಲಿದಂಥ ಮಚ್ಚೆಗಳಿದ್ದವು. ಒಂದರ ಮೇಲೊಂದು, ಎಲ್ಲವೂ ಬಾಯಿಯಿಂದ ಬೆನ್ನಿನ ಕಡೆಗೆ ಇಳಿದ ಹಾಗೆ. ರಕ್ತವೇ ಇರಬೇಕೆಂದು ಹುಡುಗ ನಿಶ್ಚಯಿಸಿಬಿಟ್ಟಿದ್ದ. ನನಗೆ ಬೇರೆ ಅನುಮಾನ ಬಂದು, "ಅಜ್ಜಿ, ಇದರಲ್ಲಿ ಬಾಳೆಗಿಡ ಕಡೀತಿದ್ರಾ?" ಎಂದೆ.

ಅಜ್ಜಿ ಅವರೆಕಾಯಿ ಬಿಟ್ಟು ಎದ್ದು ಬಂದರು. "ಅಂಬು ಕಡೀತಿದ್ದದ್ದು ಇದರಲ್ಲೇ! ವಿಜಯದಶಮಿ ದಿನ ಊರ ಮುಂದೆ ಬಾಳೆಕಂಬ ನೆಡೋರು. ಬನ್ನಿ ಪೂಜೆ ಆದಮೇಲೆ ಇವನಜ್ಜನೇ ಕಡೀಬೇಕಿತ್ತು. ಒಂದೇ ಏಟಿಗೆ ಬೀಳಬೇಕು. ಬಿದ್ದಿಲ್ಲ ಅಂದ್ರೆ ಊರೆಲ್ಲ ಆ ವರ್ಷ ಮಳೆ ಬಗ್ಗೆ ಯೋಚನೆ ಮಾಡೋರು."

ಬಾಳೆಯ ರಸದಲ್ಲಿ ಒಗರು ಇದೆ. ಆ ಒಗರು ಕಬ್ಬಿಣಕ್ಕೆ ತಾಗಿದರೆ ಕಡುಕಪ್ಪು ಬಣ್ಣ ಹುಟ್ಟುತ್ತದೆ. ಅಳಲೆಕಾಯಿಯ ಒಗರಿಗೆ ಅನ್ನಭೇದಿ ಬೆರೆಸಿ ಹಿಂದಿನವರು ಶಾಯಿ ಮಾಡುತ್ತಿದ್ದದ್ದು ಇದೇ ಕ್ರಿಯೆಯಿಂದ. ಬಾಳೆ ಕಡಿದ ಮಚ್ಚು ಕಪ್ಪಾಗುವುದೂ ಇದರಿಂದಲೇ. ಹಲವು ದಸರಾಗಳ ಬಾಳೆರಸ ಈ ಅಲಗಿನ ಮೇಲೆ ತನ್ನ ಲೆಕ್ಕ ಬರೆದಿಟ್ಟಿತ್ತು. ಅರಗಿನ ಕೆಂಪು ಪದರದ ಗುಟ್ಟೂ ಆಗ ತಿಳಿಯಿತು. ಮದುವೆಯಾದ ಮೊದಲ ವರ್ಷ ಹಿಡಿ ಸಡಿಲವಾಗಿದೆಯೆಂದು ಗಂಡ ಅದನ್ನು ಆಚಾರರ ಕುಲುಮೆಗೆ ಒಯ್ದದ್ದು ಅಜ್ಜಿಗೆ ಚೆನ್ನಾಗಿ ನೆನಪಿತ್ತು.

ಟ್ರಂಕಿಗೆ ಯಾಕೆ ಹೋಯಿತು? ವಂಶಪಾರಂಪರ್ಯದ ಪಟೇಲ, ಶಾನುಭೋಗ ಮುಂತಾದ ಊರ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ 1961ರಲ್ಲಿ ಬಂತು, 1963ರಲ್ಲಿ ಜಾರಿಯಾಯಿತು. ಅದರ ಜೊತೆಗೆ ಈ ಮನೆಯವರೇ ಅಂಬು ಕಡಿಯಬೇಕೆಂಬ ಹಕ್ಕಿನ ಮಾತೂ ಜಗಳಕ್ಕೆ ತಿರುಗಿತಂತೆ. ಒಂದು ದಸರೆಯಲ್ಲಿ ಮಾತಿಗೆ ಮಾತು ಬೆಳೆದಾಗ ಅಜ್ಜ ಏನೂ ಹೇಳದೆ ಕತ್ತಿಯನ್ನು ಮನೆಗೆ ತಂದು, ಒರೆಸಿ, ಗೋಣಿತಾಟಿನಲ್ಲಿ ಸುತ್ತಿ ಇಟ್ಟುಬಿಟ್ಟರು. "ಆಮೇಲೆ ಕೇಳಿದ್ರೆ ಪೊಲೀಸರು ಬರ್ತಾರೆ ಅನ್ನೋರು. ಅದೆಲ್ಲ ನೆಪ" ಎಂದರು ಅಜ್ಜಿ.

ಪೊಲೀಸರ ಭಯ ಹಲವು ಮನೆಗಳಲ್ಲಿದೆ, ಆದ್ದರಿಂದ ಎರಡು ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕನ್ನೂ ಕತ್ತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಬಂದೂಕಿಗೆ ಎಲ್ಲೆಡೆ ಪರವಾನಗಿ ಬೇಕು. ಒಂಬತ್ತು ಅಂಗುಲಕ್ಕಿಂತ ಉದ್ದದ ಕತ್ತಿಯಂಥ ಆಯುಧವನ್ನು ಇಟ್ಟುಕೊಳ್ಳಲು ಪರವಾನಗಿ ಬೇಕಾಗುವುದು ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ. ನಿಮ್ಮ ಊರು ಅದರಲ್ಲಿದೆಯೇ ಎಂದು ಠಾಣೆಯಲ್ಲಿ ಕೇಳಿ ತಿಳಿದುಕೊಳ್ಳುವುದು ಕ್ಷೇಮ. ನೂರು ವರ್ಷ ದಾಟಿದ ಕತ್ತಿಯಾದರೆ 1972ರ ಕಾಯ್ದೆಯ ಪ್ರಕಾರ ಅದು ಪುರಾತನ ವಸ್ತು, ಅನುಮತಿ ಇಲ್ಲದೆ ದೇಶದ ಹೊರಗೆ ಕಳಿಸುವಂತಿಲ್ಲ.

ಸಂಜೆಯವರೆಗೆ ಕೂತು ಮೊನೆಯ ಕಡೆಯ ಕಿತ್ತಳೆ ತುಕ್ಕನ್ನು ಮಾತ್ರ ಬಿಡಿಸಿದೆವು. ಎಣ್ಣೆ, ಬಿದಿರ ಸೀಳು, ಹಳೇ ಹತ್ತಿಬಟ್ಟೆ, ಇಷ್ಟೇ ಸಲಕರಣೆ. ಬಾಳೆಯ ಮಚ್ಚೆಯನ್ನು ಮುಟ್ಟಲಿಲ್ಲ. ಹಿಡಿಯನ್ನು ಮತ್ತೆ ಅರಗಿನಲ್ಲಿ ಕೂರಿಸುವ ಮುಂಚೆ ಅಂಕಿಯ, ಕಡ್ಡಿಯ, ಎರಡು ಬಣ್ಣದ ಅರಗಿನ ಫೋಟೋ ತೆಗೆದೆವು. ಹಳೇ ಅರಗಿನ ಎರಡು ಚೂರನ್ನು ಹುಡುಗ ಸಣ್ಣ ಡಬ್ಬಿಯಲ್ಲಿ ಹಾಕಿಟ್ಟುಕೊಂಡ. ಅಜ್ಜಿ ಹೇಳಿದ್ದನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ, ಅಜ್ಜಿಯ ಮಾತಿನಲ್ಲೇ.

ನಿಮ್ಮ ಅಟ್ಟದಲ್ಲೂ ಇಂಥದ್ದು ಸಿಕ್ಕಿದರೆ ದಯವಿಟ್ಟು ಹೀಗೆ ಮಾಡಿ. ಉಜ್ಜಬೇಡಿ. ಹುಣಸೆ, ನಿಂಬೆ, ಇಟ್ಟಿಗೆ ಪುಡಿ ಯಾವುದೂ ಬೇಡ. ಒಣಬಟ್ಟೆಯಲ್ಲಿ ಒರೆಸಿ, ಹೊಲಿಗೆ ಮಿಷನ್ನಿನ ಎಣ್ಣೆಯ ತೆಳು ಪದರ ಹಚ್ಚಿ. ಕೊಬ್ಬರಿ ಎಣ್ಣೆ ಬೇಡ, ಅದು ಕಮಟು ಹಿಡಿದು ಆಮ್ಲವಾಗುತ್ತದೆ. ಚರ್ಮದ ಒರೆ ಇದ್ದರೆ ಕತ್ತಿಯನ್ನು ಅದರಿಂದ ಹೊರಗೇ ಇಡಿ, ಚರ್ಮ ತೇವ ಹೀರಿ ಒಳಗೊಳಗೇ ಅಲಗನ್ನು ತಿನ್ನುತ್ತದೆ. ಗೋಣಿತಾಟಿಗೂ ನ್ಯೂಸ್‌ಪೇಪರಿಗೂ ಅದೇ ಮಾತು. ಹಬ್ಬದಲ್ಲಿ ಅರಿಶಿನ ಕುಂಕುಮವನ್ನು ಅಲಗಿನ ಮೇಲೆ ಹಚ್ಚದೆ ಕೆಳಗೆ ಹಾಸಿದ ಬಟ್ಟೆಗೋ ಬಾಳೆಲೆಗೋ ಹಚ್ಚಿ. ಮನೆಯಲ್ಲಿ ವಯಸ್ಸಾದವರಿದ್ದರೆ ಕತ್ತಿಗಿಂತ ಮೊದಲು ಅವರ ಹತ್ತಿರ ಕೂತು ಕೇಳಿ, ಕತ್ತಿ ಇನ್ನೂ ಹತ್ತು ವರ್ಷ ಕಾಯುತ್ತದೆ.

ಆ ವರ್ಷದ ಆಯುಧಪೂಜೆಯಲ್ಲಿ ಆ ಮನೆಯ ಟ್ರ್ಯಾಕ್ಟರ್, ಪಂಪ್‌ಸೆಟ್‌ಗಳ ಪಕ್ಕದಲ್ಲಿ ಅದೂ ಇತ್ತಂತೆ, ಕಪ್ಪಗೆ, ಹೊಳಪಿಲ್ಲದೆ, ಬಾಳೆಲೆಯ ಮೇಲೆ. ಈಗ ಅದು ಹುಡುಗ ಓದುವ ಕೋಣೆಯ ಬೀರುವಿನಲ್ಲಿದೆ, ಬೀಗದ ಕೈ ಅಜ್ಜಿಯ ಹತ್ತಿರ.